ಇ-ಸಿಮ್ ಆಕ್ಟಿವೇಶನ್ ಅರ್ಧಕ್ಕೆ ನಿಂತರೆ

ಪ್ರಶ್ನೆ: ಹೊಸ ಫೋನಿಗೆ ಇ-ಸಿಮ್ ಹಾಕ್ತಿದ್ದೆ. ಕ್ಯೂಆರ್ ಸ್ಕ್ಯಾನ್ ಆಯ್ತು, ಆಮೇಲೆ ಆಕ್ಟಿವೇಟ್ ಆಗ್ತಾನೇ ಇಲ್ಲ. ಡಿಲೀಟ್ ಮಾಡಿ ಮತ್ತೆ ಹಾಕಲಾ?

ಉತ್ತರ: ದಯವಿಟ್ಟು ಡಿಲೀಟ್ ಮಾಡಬೇಡಿ. ಆ ಕ್ಯೂಆರ್ ಸಾಮಾನ್ಯವಾಗಿ ಒಂದೇ ಸಲ ನಡೆಯುತ್ತದೆ. ಅಳಿಸಿದರೆ ಸಿಮ್ ಕಂಪನಿಯಿಂದ ಹೊಸದನ್ನೇ ಕೇಳಬೇಕಾಗುತ್ತದೆ.

ಮೊದಲು ಪ್ರೊಫೈಲ್, ಅಂದರೆ ಇ-ಸಿಮ್‌ನ ಮಾಹಿತಿ, ಫೋನಿಗೆ ಇಳಿಯಬೇಕು, ಆಮೇಲೆ ಕಂಪನಿಯವರು ನಿಮ್ಮ ನಂಬರನ್ನು ಅದಕ್ಕೆ ಜೋಡಿಸಬೇಕು. ಎಲ್ಲಿ ನಿಂತಿದೆ ಅಂತ ತಿಳಿಯಲು ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಟ್ಟಿ ನೋಡಿ. ಇ-ಸಿಮ್ ಅಲ್ಲಿ ಇಲ್ಲದಿದ್ದರೆ ಡೌನ್‌ಲೋಡೇ ಮುಗಿದಿಲ್ಲ. ಒಳ್ಳೆ ವೈಫೈನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಆಗಲೂ ಆಗದಿದ್ದರೆ ಹೊಸ ಫೋನಿನಲ್ಲಿ `*#06#` ಒತ್ತಿ, ಅಲ್ಲಿ ಬರುವ 32 ಅಂಕಿಯ EID, ಅಂದರೆ ಆ ಫೋನಿನ ಇ-ಸಿಮ್ ಗುರುತಿನ ಸಂಖ್ಯೆ, ನೀವು ಕಂಪನಿಗೆ ಕೊಟ್ಟದ್ದೇನಾ ಅಂತ ನೋಡಿ. ಹಳೆ ಫೋನಿನದ್ದು ಕೊಟ್ಟುಬಿಡುವವರು ಇದ್ದಾರೆ.

ಪಟ್ಟಿಯಲ್ಲಿ ಇದೆ, ಹಳೆ ಸಿಮ್‌ಗೂ ಸಿಗ್ನಲ್ ಇದೆ ಅಂದ್ರೆ ನಂಬರ್ ಇನ್ನೂ ಬದಲಾಗಿಲ್ಲ, ಒಂದೆರಡು ಗಂಟೆ ಕಾಯಿರಿ. ಹಳೆಯದು ನಿಂತುಹೋಗಿದ್ದರೆ ಇ-ಸಿಮ್ ಆಫ್ ಮಾಡಿ ಆನ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ. ಆಗಲೂ ಸಿಗ್ನಲ್ ಬರದಿದ್ದರೆ ಆಧಾರ್ ಹಿಡಿದು ಕಂಪನಿಯ ಸ್ಟೋರ್‌ಗೇ ಹೋಗಿ.

ಇನ್ನೊಂದು ವಿಷಯ: ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚನೆ ತಡೆಯಲು ಇರುವ ನಿಯಮ ಅದು. ಬ್ಯಾಂಕ್ ಒಟಿಪಿ ಬೇಕಾಗುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.