ತಕ್ಷಕನ ಹೆಸರು ಕೇಳಿ ನಿದ್ದೆಗೆಟ್ಟ ಮನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

1998ರ ಜೂನ್ ಕೊನೆಯಲ್ಲಿ ಹುಟ್ಟಿದ ಯುವತಿಯೊಬ್ಬರು ತಾಯಿಯೊಂದಿಗೆ ನನ್ನ ಬಳಿ ಬಂದಿದ್ದರು. ಎರಡು ಸಂಬಂಧಗಳು ಮಾತುಕತೆಯಲ್ಲೇ ನಿಂತುಹೋದ ಮೇಲೆ ತಾಯಿ ಜಾತಕ ತೋರಿಸಿದ್ದರು. ಕಾಲಸರ್ಪ ಯೋಗವಿದೆ, ಅದರಲ್ಲೂ ಇದು ತಕ್ಷಕ ಕಾಲಸರ್ಪ, ಶಾಂತಿ ಮಾಡಿಸದೆ ಮದುವೆಯಾದರೆ ಗಂಡನಿಗೆ ಕಂಟಕ ಎಂದು ಜ್ಯೋತಿಷಿ ಹೇಳಿದ್ದರು. ಪರೀಕ್ಷಿತನನ್ನು ಕಚ್ಚಿ ಕೊಂದವನು ತಕ್ಷಕ ಎಂಬ ಕಥೆ ತಿಳಿದಿದ್ದ ತಾಯಿಗೆ ಆ ಹೆಸರೊಂದೇ ಸಾಕಾಗಿತ್ತು. ಮಗಳು ರಾತ್ರಿ ಮೂರರವರೆಗೂ ನಿದ್ದೆಯಿಲ್ಲದೆ, ಹೊಸ ಸಂಬಂಧದವರ ಫೋನ್ ಬಂದರೆ ಎತ್ತದೆ ಇರುತ್ತಿದ್ದರು. ಶಾಂತಿಗೆಂದು ಕೈಸಾಲ ಮಾಡುವ ಮಾತೂ ನಡೆದಿತ್ತು.

ಗ್ರಹಸ್ಥಿತಿಯಿಂದ ಮದುವೆ ಮುರಿಯುತ್ತದೆಂದು ನಾನು ನಂಬುವವನಲ್ಲ. ಆದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿದ್ದರೆ ತಾಯಿ ಎರಡನೆಯ ಸಲ ಬರುತ್ತಿರಲಿಲ್ಲ. ಪಂಚಾಂಗ ನೋಡುವುದನ್ನು ಮನೆಯಲ್ಲಿ ಕಲಿತವನಾದ್ದರಿಂದ, ಗ್ರಹಸ್ಫುಟ, ಅಂದರೆ ಪ್ರತಿ ಗ್ರಹವೂ ರಾಶಿಯ ಎಷ್ಟನೇ ಡಿಗ್ರಿಯಲ್ಲಿದೆ ಎಂಬ ಲೆಕ್ಕವಿರುವ ಜಾತಕವನ್ನೇ ತರಲು ಹೇಳಿ, ಅವರ ಎದುರಿಗೇ ಬಿಡಿಸಿ ನೋಡಿದೆ.

ರಾಹು ಮತ್ತು ಕೇತು ಕಣ್ಣಿಗೆ ಕಾಣುವ ಗ್ರಹಗಳಲ್ಲ; ಚಂದ್ರನ ಪಥವು ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳು. ಆದ್ದರಿಂದ ಅವು ಯಾವಾಗಲೂ ಎದುರುಬದುರಾಗಿ, 180 ಡಿಗ್ರಿ ದೂರದಲ್ಲಿ ಇರುತ್ತವೆ. ರವಿಯಿಂದ ಶನಿಯವರೆಗಿನ ಏಳೂ ಗ್ರಹಗಳು ಈ ರೇಖೆಯ ಒಂದೇ ಬದಿಯಲ್ಲಿದ್ದರೆ ಅದನ್ನು ಕಾಲಸರ್ಪ ಯೋಗವೆನ್ನುತ್ತಾರೆ. ಗ್ರಹಗಳು ಯಾವ ಬದಿಯಲ್ಲಿದ್ದರೆ ಅದು ಕಾಲಸರ್ಪ, ಯಾವ ಬದಿಯಲ್ಲಿದ್ದರೆ ಕಾಲಾಮೃತ ಎಂಬುದರಲ್ಲಿ ಜ್ಯೋತಿಷಿಗಳಲ್ಲೇ ಒಮ್ಮತವಿಲ್ಲ. ಬೃಹಜ್ಜಾತಕ, ಸಾರಾವಳಿ, ಫಲದೀಪಿಕೆಯಂಥ ಹಳೆಯ ಗ್ರಂಥಗಳಲ್ಲಿ ಈ ಯೋಗವೇ ಇಲ್ಲ. ಬೃಹಜ್ಜಾತಕದಲ್ಲಿ ಬರುವ ಸರ್ಪಯೋಗ ಬೇರೆಯದು. ಅದು ಕೇಂದ್ರಸ್ಥಾನಗಳಲ್ಲಿ ಪಾಪಗ್ರಹಗಳು ಕೂಡುವುದನ್ನು ಹೇಳುತ್ತದೆ.

ಈ ಯುವತಿಯ ಜಾತಕದಲ್ಲಿ ಕೇತು ಕುಂಭದಲ್ಲೂ ರಾಹು ಸಿಂಹದಲ್ಲೂ ಇದ್ದರು. ಗುರು ಮೀನ, ಶನಿ ಮೇಷ, ಶುಕ್ರ ವೃಷಭ, ರವಿ ಮತ್ತು ಕುಜ ಮಿಥುನ, ಬುಧ ಕರ್ಕಾಟಕ. ಈ ಆರೂ ಒಂದೇ ಬದಿ. ಚಂದ್ರ ಸಿಂಹದಲ್ಲಿ, ರಾಹು ಇರುವ ರಾಶಿಯಲ್ಲೇ. ರಾಶಿಕುಂಡಲಿಯನ್ನಷ್ಟೇ ನೋಡಿದವರಿಗೆ ಏಳೂ ಒಳಗೇ ಇದ್ದಂತೆ ಕಾಣುತ್ತದೆ. ಆದರೆ ರಾಹು ಸಿಂಹದ 10ನೇ ಡಿಗ್ರಿಯಲ್ಲಿದ್ದರೆ ಚಂದ್ರ 14ನೇ ಡಿಗ್ರಿಗೆ ಬಂದು ರೇಖೆಯನ್ನು ದಾಟಿಯಾಗಿತ್ತು. ಚಂದ್ರ ಗಂಟೆಗೆ ಸುಮಾರು ಅರ್ಧ ಡಿಗ್ರಿ ನಡೆಯುವುದರಿಂದ, ಜನನಕ್ಕೆ ಎಂಟು ಗಂಟೆ ಮೊದಲೇ ಯೋಗ ಮುರಿದಿತ್ತು.

ತಾಯಿಯ ಮುಖ ಅರಳಿತು. ಅಲ್ಲಿಗೇ ನಿಲ್ಲಿಸುವುದು ಸುಲಭವಿತ್ತು, ಆದರೆ ಅದು ತಪ್ಪಾಗುತ್ತಿತ್ತು: ಡಿಗ್ರಿ ನೋಡದ ಇನ್ನೊಬ್ಬರು ನಾಳೆ "ಯೋಗವಿದೆ" ಎಂದರೆ ಭಯ ಮತ್ತೆ ಅಲ್ಲಿಗೇ ಬರುತ್ತದೆ. ಆದ್ದರಿಂದ ಮಗಳು ಎಂಟು ಗಂಟೆ ಮೊದಲು ಹುಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಿದೆವು. ಚಂದ್ರ ಕೇತುವಿನಿಂದ ರಾಹುವನ್ನು ಮುಟ್ಟಲು ಸುಮಾರು ಹದಿನಾಲ್ಕು ದಿನ ಬೇಕು. ಆ ಜೂನ್‌ನಲ್ಲಿ ಉಳಿದ ಆರು ಗ್ರಹಗಳು ಆಗಲೇ ಒಂದು ಬದಿಯಲ್ಲಿದ್ದುದರಿಂದ, ಆ ಹದಿನಾಲ್ಕು ದಿನಗಳಲ್ಲಿ ಯಾವ ಊರಿನಲ್ಲಿ, ಯಾವ ದೇಶದಲ್ಲಿ ಹುಟ್ಟಿದ ಮಗುವಿಗೂ ಈ ಯೋಗವಿದೆ. ಅವರೆಲ್ಲರ ಮದುವೆಗೂ ಒಂದೇ ಗತಿ ಎನ್ನಲು ತಾಯಿಗೇ ಮನಸ್ಸು ಬರಲಿಲ್ಲ. ತಕ್ಷಕನೆಂಬ ಹೆಸರೂ ಹೀಗೆಯೇ: ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ ಲಗ್ನ, ಅದರಿಂದ ರಾಹು ಎಷ್ಟನೆಯ ಮನೆಯಲ್ಲಿದೆ ಎಂಬುದನ್ನು ನೋಡಿ ಈ ಹೆಸರಿಡುತ್ತಾರೆ. ಈ ಯುವತಿಯ ಕುಂಭ ಲಗ್ನಕ್ಕೆ ರಾಹು ಏಳನೆಯ ಮನೆಯಾದ್ದರಿಂದ ಆ ಹೆಸರು. ಎರಡು ಗಂಟೆ ಮೊದಲು, ಮಕರ ಲಗ್ನದಲ್ಲಿ ಹುಟ್ಟಿದ್ದರೆ ಅದೇ ಗ್ರಹಗಳಿಗೆ ಕಾರ್ಕೋಟಕ ಎಂದೂ, ಎರಡು ಗಂಟೆ ನಂತರ ಮೀನ ಲಗ್ನವಾಗಿದ್ದರೆ ಮಹಾಪದ್ಮ ಎಂದೂ ಕರೆಯುತ್ತಿದ್ದರು.

ನಂತರ ಮಗಳೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಸಂಬಂಧ ಮುರಿದ ಕಾರಣಗಳನ್ನು ಬರೆಯಲು ಹೇಳಿದಾಗ, ಒಂದು ಕಡೆ ವರ ವಿದೇಶದಲ್ಲೇ ನೆಲೆಸುವ ಮಾತು, ಇನ್ನೊಂದು ಕಡೆ ಮದುವೆಯ ಖರ್ಚಿನ ವಾದ ಎಂದು ಬರೆದರು. ಎರಡೂ ಜಾತಕ ತೋರಿಸುವುದಕ್ಕೆ ಮೊದಲೇ ನಡೆದಿದ್ದವು.

ನಾನು ಕೊಟ್ಟ ಸಲಹೆ ಇಷ್ಟು. ಮೂರು ತಿಂಗಳು ಮತ್ತೊಬ್ಬರಿಗೆ ಜಾತಕ ತೋರಿಸಬಾರದು, ಏಕೆಂದರೆ ಪ್ರತಿ ಬಾರಿ ಕೇಳಿ ಸಮಾಧಾನ ಪಡೆಯುವ ಅಭ್ಯಾಸವೇ ಭಯವನ್ನು ಬೆಳೆಸುತ್ತಿತ್ತು. ರಾತ್ರಿ ಮೊಬೈಲಿನಲ್ಲಿ ಈ ವಿಷಯ ಹುಡುಕುವುದನ್ನು ನಿಲ್ಲಿಸಿ, ನಿದ್ದೆ ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಪೂಜೆಗೆ ಸಾಲ ಮಾಡಬಾರದು. ತಾಯಿಗೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಭಕ್ತಿಯಿಂದ ಹೋಗಿಬನ್ನಿ, ಸೇವೆ ಮಾಡಿಸುವುದಾದರೆ ದೇವಸ್ಥಾನದ ಕೌಂಟರಿನಲ್ಲೇ ರಸೀದಿ ಪಡೆಯಿರಿ ಎಂದೆ. ಅಲ್ಲಿನ ಸರ್ಪಸಂಸ್ಕಾರ ಸರ್ಪದೋಷಕ್ಕೆಂದು ಮಾಡಿಸುವ ಸೇವೆ, ಈ ಯೋಗಕ್ಕೆ ಕಟ್ಟಬೇಕಾದ ದಂಡವಲ್ಲ ಎಂದೂ ತಿಳಿಸಿದೆ.

ಆರು ವಾರಗಳ ನಂತರ ಬಂದಾಗ ಯುವತಿ ಹನ್ನೊಂದಕ್ಕೆ ಮಲಗುತ್ತಿದ್ದರು, ಬಂದ ಒಂದು ಸಂಬಂಧದವರೊಡನೆ ತಾವೇ ಮಾತನಾಡಿದ್ದರು. ತಾಯಿಯ ಭಯ ಪೂರ್ತಿ ಹೋಗಿರಲಿಲ್ಲ. ಅವರೊಬ್ಬರಿಗೇ ಇನ್ನೆರಡು ಭೇಟಿ ಗೊತ್ತುಮಾಡಿದ್ದೇನೆ.