ಏಳು ತಿಂಗಳ ಗರ್ಭಿಣಿಗೆ ನೆಗಡಿ, ಜ್ವರ, ಎದೆಯುರಿ: ಯಾವ ಮಾತ್ರೆ ಸರಿ?

ಪ್ರಶ್ನೆ: ನನಗೀಗ ಏಳು ತಿಂಗಳು. ನೆಗಡಿ, ಮೈಕೈ ನೋವು, ಸ್ವಲ್ಪ ಜ್ವರ, ಜೊತೆಗೆ ಎದೆಯುರಿ. ಮನೆಯಲ್ಲಿ ಪ್ಯಾರಸಿಟಮಾಲ್, ನೆಗಡಿ ಮಾತ್ರೆ, ಆಂಟಾಸಿಡ್ ಇವೆ. ತಗೋಬಹುದಾ?

ಉತ್ತರ: ಪ್ಯಾರಸಿಟಮಾಲ್ ತಗೊಳ್ಳಿ, ನೆಗಡಿ ಮಾತ್ರೆ ಬೇಡ.

ಆ ನೆಗಡಿ ಮಾತ್ರೆಯ ಪಟ್ಟಿ ತಿರುಗಿಸಿ ಸಣ್ಣಕ್ಷರ ಓದಿ. ಬಹುತೇಕ ಅದರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎರಡನ್ನೂ ನುಂಗಿದರೆ ಗೊತ್ತಿಲ್ಲದೆ ಡೋಸ್ ದುಪ್ಪಟ್ಟಾಗುತ್ತದೆ. ಜೊತೆಗಿರುವ ಫೀನೈಲ್‌ಎಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಿಪಿ ಇರುವವರಿಗಂತೂ ಅದು ಬೇಡವೇ ಬೇಡ. ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ, ಬಿಸಿನೀರಿನ ಹಬೆ ಸಾಕು.

ಪ್ಯಾರಸಿಟಮಾಲ್ 500 ಮಿ.ಗ್ರಾಂ. ಒಂದು ಮಾತ್ರೆ, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ಜ್ವರ ಎರಡು ದಿನಕ್ಕೂ ಇಳಿಯದಿದ್ದರೆ, ಅಥವಾ 101 ಡಿಗ್ರಿ ದಾಟಿದರೆ, ಮಾತ್ರೆ ನುಂಗುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಿ.

ಮೈಕೈ ನೋವಿಗೆಂದು ಮೆಡಿಕಲ್ ಶಾಪಿನವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ವಾಪಸ್ ಮಾಡಿ. 20 ವಾರದ ನಂತರ ಇವು ಮಗುವಿನ ಮೂತ್ರಪಿಂಡದ ಕೆಲಸ ಕುಗ್ಗಿಸಿ ಗರ್ಭದ ನೀರು ಕಡಿಮೆ ಮಾಡಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚಿಕೊಳ್ಳುವ ಅಪಾಯವೂ ಇದೆ. (ಡಾಕ್ಟರೇ ಬರೆದ ಕಡಿಮೆ ಡೋಸ್ ಆಸ್ಪಿರಿನ್ ಬೇರೆ ವಿಷಯ, ಅದನ್ನು ನೀವಾಗಿ ನಿಲ್ಲಿಸಬೇಡಿ.)

ಎದೆಯುರಿಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಇರುವ ಆಂಟಾಸಿಡ್ ಆಗುತ್ತದೆ, ಸೋಡಾ ಪುಡಿ ಬೇಡ. ಅದರಲ್ಲಿ ಸೋಡಿಯಂ ಜಾಸ್ತಿ, ಕಾಲು ಊದಿದವರಿಗೆ ಇನ್ನೂ ತೊಂದರೆ. ಕಬ್ಬಿಣಾಂಶದ ಮಾತ್ರೆಗೂ ಆಂಟಾಸಿಡ್‌ಗೂ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.