ಸೈನಸ್ ಆದ ಮೇಲೆ ಮಗುವಿನ ಕಣ್ಣು ಊದಿದರೆ

"ನನ್ನ ಮಗನಿಗೆ 6 ವರ್ಷ. ಹತ್ತು ದಿನದಿಂದ ನೆಗಡಿ, ಡಾಕ್ಟರು ಸೈನಸ್ ಅಂದಿದ್ದರು. ನಿನ್ನೆಯಿಂದ ಬಲಗಣ್ಣಿನ ರೆಪ್ಪೆ ಊದಿ ಕೆಂಪಾಗಿದೆ, ಮುಟ್ಟಿದರೆ ಅಳುತ್ತಾನೆ. ಜ್ವರ 102. ಡ್ರಾಪ್ಸ್ ಹಾಕಿ ಎರಡು ದಿನ ನೋಡಬಹುದಾ?"

ಬೇಡ. ಇವತ್ತೇ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಮಕ್ಕಳ ಡಾಕ್ಟರು. ನೀವು ಬರೆದಿರುವುದನ್ನು ಓದಿದರೆ ಮೊದಲು ಅನುಮಾನ ಬರುವುದು ಆರ್ಬಿಟಲ್ ಸೆಲ್ಯುಲೈಟಿಸ್ ಮೇಲೆ, ಅಂದರೆ ಕಣ್ಣುಗುಡ್ಡೆಯ ಹಿಂದಿನ ಜಾಗಕ್ಕೆ ಸೋಂಕು ಹರಡಿರುವುದು. ಬರೀ ರೆಪ್ಪೆಯ ಸೋಂಕೂ ಇರಬಹುದು, ಅದು ಇಷ್ಟು ಅಪಾಯದ್ದಲ್ಲ. ಆದರೆ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ.

ಮೂಗಿನ ಪಕ್ಕದ ಎತ್ಮಾಯ್ಡ್ ಸೈನಸ್ಸಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಒಂದು ಮೂಳೆ, ಅಷ್ಟೇ. ಸೈನಸ್ಸಿನಲ್ಲಿ ಕೀವು ತುಂಬಿಕೊಂಡರೆ ಸೋಂಕು ಅದನ್ನು ದಾಟಿ ಕಣ್ಣಿನ ಕಡೆಗೆ ಬರುತ್ತದೆ. ಡ್ರಾಪ್ಸ್ ಕೆಲಸ ಮಾಡುವುದು ಕಣ್ಣಿನ ಮೇಲ್ಮೈಯಲ್ಲಿ, ಇದು ಇರುವುದು ಒಳಗೆ. ಅದಕ್ಕೇ ಡ್ರಾಪ್ಸಿನಿಂದ ಪ್ರಯೋಜನ ಇಲ್ಲ.

ಹೊರಡುವ ಮೊದಲು ಬೇಕಾದರೆ ಒಂದು ನಿಮಿಷ ಇದನ್ನು ನೋಡಿ. ಕೈ ತೊಳೆದುಕೊಂಡು ರೆಪ್ಪೆಯನ್ನು ಮೆಲ್ಲಗೆ ಎತ್ತಿ (ಒತ್ತಬೇಡಿ), ನಿಮ್ಮ ಬೆರಳನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಆಡಿಸಿ, ತಲೆ ತಿರುಗಿಸದೆ ಕಣ್ಣಿನಲ್ಲೇ ಅದನ್ನು ಹಿಂಬಾಲಿಸಲು ಹೇಳಿ. ಕಣ್ಣು ಆಡಿಸಿದಾಗ ನೋವು, ಒಂದು ಕಡೆಗೆ ಕಣ್ಣು ತಿರುಗದೆ ನಿಲ್ಲುವುದು, ಗುಡ್ಡೆ ಮುಂದಕ್ಕೆ ಬಂದ ಹಾಗೆ ಕಾಣುವುದು, ಎರಡೆರಡಾಗಿ ಅಥವಾ ಮಸುಕಾಗಿ ಕಾಣುವುದು, ಇದರಲ್ಲಿ ಒಂದಿದ್ದರೂ ಸೋಂಕು ಒಳಗೆ ಹೋಗಿದೆ ಅಂತಲೇ ಹಿಡಿಯಬೇಕು. ಏನೂ ಕಾಣದಿದ್ದರೂ ಹೋಗಿ. ಇಷ್ಟು ಜ್ವರ ಇರುವ ಮಗುವನ್ನು ಡಾಕ್ಟರು ನೋಡಲೇಬೇಕು.

ನಮ್ಮ ವಾರ್ಡಿಗೆ ಬಂದಿದ್ದ ಏಳು ವರ್ಷದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಅಂದಾಜು ಸಿಗುತ್ತದೆ. ಹುಳ ಕಚ್ಚಿದೆ ಅಂದುಕೊಂಡು ಮನೆಯಲ್ಲಿ ರೆಪ್ಪೆಗೆ ಹರಳೆಣ್ಣೆ ಹಚ್ಚಿದ್ದರು. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ರೆಪ್ಪೆ ಎತ್ತಿ ಟಾರ್ಚ್ ತೋರಿಸಿದರೆ ಗುಡ್ಡೆ ಸ್ವಲ್ಪ ಹೊರಗೆ, ಕೆಳಗೆ ಸರಿದಿತ್ತು, ಮೂಗಿನ ಕಡೆ ನೋಡು ಅಂದ ಕೂಡಲೇ ಚೀರಿದಳು. ರಕ್ತ ತೆಗೆದು ಕಲ್ಚರ್‌ಗೆ ಕಳಿಸಿ, ರಿಪೋರ್ಟಿಗೆ ಕಾಯದೆ ಆಗಲೇ ಡ್ರಿಪ್ ಹಾಕಿ ಆಂಟಿಬಯೋಟಿಕ್ ಶುರು ಮಾಡಿದೆವು. 20 ಕಿಲೋ ತೂಕಕ್ಕೆ ಸೆಫ್ಟ್ರಯಾಕ್ಸೋನ್ ದಿನಕ್ಕೆ 2 ಗ್ರಾಂ, ಎರಡು ಸಲಕ್ಕೆ ಹಂಚಿ, ಜೊತೆಗೆ ವ್ಯಾಂಕೊಮೈಸಿನ್. ಮಾತ್ರೆ ಸಿರಪ್‌ಗಳಿಂದ ಇಷ್ಟು ಮದ್ದು ಅಲ್ಲಿಗೆ ತಲುಪುವುದಿಲ್ಲ, ಅದಕ್ಕೇ ಅಡ್ಮಿಟ್ ಮಾಡುವುದು.

ಬಣ್ಣದ ಮದ್ದು ಕೊಟ್ಟು ತೆಗೆದ ಸಿಟಿ ಸ್ಕ್ಯಾನಿನಲ್ಲಿ ಸೈನಸ್ ತುಂಬಿಕೊಂಡಿತ್ತು, ಕಣ್ಣುಗೂಡಿನ ಒಳಗೋಡೆಗೆ ಅಂಟಿದಂತೆ ಕೀವಿನ ತೆಳುವಾದ ಪದರ ಇತ್ತು. ಕೀವು ಅಂದ ಕೂಡಲೇ ಆಪರೇಷನ್ ಅಂತ ಅವರಪ್ಪ ಹೆದರಿದರು. ಚಿಕ್ಕ ಮಕ್ಕಳಲ್ಲಿ ಕೀವು ಸಣ್ಣದಿದ್ದು ದೃಷ್ಟಿ ಚೆನ್ನಾಗಿದ್ದರೆ ಎಷ್ಟೋ ಸಲ ಮದ್ದಿನಲ್ಲೇ ಕರಗುತ್ತದೆ. ಆದರೆ ಹಾಗೆ ಕಾಯುವಾಗ ಸುಮ್ನೆ ಕೂರುವ ಹಾಗಿಲ್ಲ. ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಬೆರಳು ಎಣಿಸಲು ಹೇಳಿದೆವು. ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದಾ ನೋಡಿದೆವು. ಕೆಂಪು ಮುಚ್ಚಳ ಎರಡೂ ಕಣ್ಣಿಗೆ ಒಂದೇ ಥರ ಕೆಂಪಾಗಿ ಕಾಣುತ್ತದಾ ಅಂತ ಕೇಳಿದೆವು, ಯಾಕೆಂದರೆ ಕಣ್ಣಿನ ನರದ ಮೇಲೆ ಒತ್ತಡ ಬಿದ್ದರೆ ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತದೆ. ದೃಷ್ಟಿ ಕಮ್ಮಿಯಾದರೆ ತಕ್ಷಣ, ಅಥವಾ 24ರಿಂದ 48 ಗಂಟೆ ಮದ್ದು ಹೋದರೂ ಜ್ವರ, ಊತ ಇಳಿಯದಿದ್ದರೆ, ಇಎನ್‌ಟಿಯವರು ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿ ಕೀವು ತೆಗೆಯುತ್ತಾರೆ. ಹೆಚ್ಚಿನವರಿಗೆ ಮುಖದ ಮೇಲೆ ಗಾಯವೂ ಆಗುವುದಿಲ್ಲ.

ಈ ಹುಡುಗಿಗೆ ಅದು ಬೇಕಾಗಲಿಲ್ಲ. ಮೊದಲು ಜ್ವರ ಇಳಿಯಿತು, ಆಮೇಲೆ ತಾನೇ ಕಣ್ಣು ಬಿಟ್ಟಳು. ರೆಪ್ಪೆಯ ಊತ ಮಾತ್ರ ನಿಧಾನ, ಅದಕ್ಕೆ ಗಾಬರಿಯಾಗಬೇಡಿ.

ನಿಮಗೆ ಆದಷ್ಟು ಮಕ್ಕಳ ಡಾಕ್ಟರು, ಕಣ್ಣಿನವರು, ಇಎನ್‌ಟಿ, ಸಿಟಿ ಸ್ಕ್ಯಾನ್ ಎಲ್ಲ ಒಂದೇ ಕಡೆ ಇರುವ ಆಸ್ಪತ್ರೆ ನೋಡಿಕೊಳ್ಳಿ. ಇದುವರೆಗೆ ಕೊಟ್ಟ ಮದ್ದಿನ ಚೀಟಿ, ಬಾಟಲಿ ತೆಗೆದುಕೊಂಡು ಹೋಗಿ, ಯಾವುದಾದರೂ ಮದ್ದು ಒಗ್ಗಲ್ಲ ಅಂತಿದ್ದರೆ ಹೇಳಿ. ದಾರಿಯಲ್ಲಿ ತೀರಾ ತಲೆನೋವು, ವಾಂತಿ, ಮಂಪರು ಅಥವಾ ಫಿಟ್ಸ್ ಬಂದರೆ ಸೋಂಕು ಮಿದುಳಿನ ಕಡೆ ಹೋಗಿರಬಹುದು, ಅದನ್ನು ಎಮರ್ಜೆನ್ಸಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿ.

ಡಿಸ್ಚಾರ್ಜ್ ಆದ ಮೇಲೂ ಬಾಯಿಯ ಆಂಟಿಬಯೋಟಿಕ್ ಇರುತ್ತದೆ, ಎಲ್ಲ ಸೇರಿ ಸಾಮಾನ್ಯವಾಗಿ 2-3 ವಾರ. ಮಗು ಆಡಿಕೊಂಡಿದೆ ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ. ಈಗ ಹೊರಡಿ, ಅಲ್ಲಿ ಏನು ಹೇಳಿದರು ಅಂತ ಆಮೇಲೆ ಬರೆಯಿರಿ.